ಮಿಕ್ಸರ್ ಬಿಟ್ಟುಕೊಡುವ ಮುನ್ನ

ನಮ್ಮ ಊರಿನ ಸಭಾಭವನದಲ್ಲಿ ಸಂಬಳವಿಲ್ಲದೆ ಮೈಕ್ ನೋಡಿಕೊಳ್ಳುವ ಕೆಲಸವನ್ನು ಈ ಯುಗಾದಿಗೆ ಬಿಟ್ಟುಕೊಡುತ್ತಿದ್ದೇನೆ. ವಯಸ್ಸಾದಂತೆ ಎಲ್ಲರಿಗೂ ಆಗುವ ಹಾಗೆ ನನ್ನ ಕಿವಿಗೂ ತೀರಾ ಸಣ್ಣ ಸ್ವರಗಳು ಬೀಳುವುದು ಕಡಿಮೆಯಾಗಿದೆ. ಆ ಕಿವಿಯನ್ನು ನಂಬಿ ಇನ್ನೊಬ್ಬರ ಹಾಡಿನ ಧ್ವನಿ ತಿದ್ದುವುದು ಸರಿಯಲ್ಲ. ಮುಂದೆ ಆ ಕುರ್ಚಿಯಲ್ಲಿ ಕೂರುವವಳು ಕಾಲೇಜು ಓದುತ್ತಿರುವ ಹುಡುಗಿ. ಕೆಲವು ತಿಂಗಳಿಂದ ಪಕ್ಕದಲ್ಲಿ ಕೂತು ನೋಡುತ್ತಿದ್ದಾಳೆ, ಕಿವಿ ಚುರುಕಾಗಿದೆ. ಅವಳಿಗೆ ಏನು ಬರೆದು ಕೊಡಬೇಕು ಎಂದು ಕೇಳಿದಾಗ ಸಮಿತಿಯವರು, "ಮಿಕ್ಸರ್‌ದು ಒಂದು ಫೋಟೋ ತೆಗೆದು ಕೊಡಿ ಸಾರ್, ಹಾಗೇ ಇಟ್ಟುಕೊಂಡರಾಯಿತು" ಎಂದರು.

ಫೋಟೋ ತೆಗೆದಿದ್ದೇನೆ. ಆದರೆ ಅದು ಸಾಲದು. ಯಾವ ಗುಂಡಿ ಎಲ್ಲಿ ನಿಂತಿದೆ ಎಂಬುದನ್ನು ಫೋಟೋ ತೋರಿಸುತ್ತದೆ, ಯಾಕೆ ಅಲ್ಲಿ ನಿಂತಿದೆ ಎಂಬುದನ್ನು ತೋರಿಸುವುದಿಲ್ಲ. ಕಾರಣ ಗೊತ್ತಿಲ್ಲದೆ ಅದೇ ಜಾಗದಲ್ಲಿ ಉಳಿದ ಗುಂಡಿ ಹತ್ತು ವರ್ಷದ ಮೇಲೆ ಯಾರೂ ಮುಟ್ಟಲು ಹೆದರುವ ಗುಂಡಿಯಾಗುತ್ತದೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ನಮ್ಮಂಥ ಸಭಾಭವನಗಳಲ್ಲಿ ಕಾರ್ಯಕ್ರಮ ಕೆಡುವುದು ಬಹುಪಾಲು ಮಿಕ್ಸರ್‌ನಿಂದಲ್ಲ, ವೈರುಗಳಿಂದ. ನೆಲದಡಿಯಲ್ಲಿ ಓಡುವ ವೈರು ಯಾವ ಫೋಟೋದಲ್ಲೂ ಕಾಣುವುದಿಲ್ಲ. ಹಾಗಾಗಿ ಟಿಪ್ಪಣಿಯನ್ನು ವೈರುಗಳಿಂದಲೇ ಶುರು ಮಾಡಿದೆ. ಇಂಥದೇ ಒಂದು ಭವನ, ಇಂಥದೇ ಒಂದು ಮಿಕ್ಸರ್ ನಿಮ್ಮ ಊರಿನಲ್ಲೂ ಇರಬಹುದು. ಅಲ್ಲಿಯೂ ಯಾರೋ ಒಬ್ಬರ ತಲೆಯಲ್ಲಿ ಮಾತ್ರ ಈ ನಕ್ಷೆ ಇರಬಹುದು. ಅದಕ್ಕೇ ಅದರ ಸಾರವನ್ನು ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ.

ನಮ್ಮದು ಸುಮಾರು 300 ಜನ ಕೂರುವ ಭವನ. ವೇದಿಕೆಯ ಎಡಗಡೆ ಪರದೆಯ ಹಿಂದೆ ಒಂದು ಕಬ್ಬಿಣದ ಪೆಟ್ಟಿಗೆ ಇದೆ, ಅದನ್ನು ಸ್ಟೇಜ್ ಬಾಕ್ಸ್ ಎನ್ನುತ್ತೇವೆ. ಅದರಲ್ಲಿ ಮೈಕ್ ವೈರು ಚುಚ್ಚಲು 16 ತೂತುಗಳು. ಸ್ಪೀಕರ್ ಕಡೆಗೆ ಹೋಗುವ ಧ್ವನಿ ಮಿಕ್ಸರ್‌ನಿಂದ ವಾಪಸು ಬರುವುದಕ್ಕೆ ಇನ್ನು 4. ಈ ಇಪ್ಪತ್ತೂ ಲೈನುಗಳು ಮಲ್ಟಿಕೋರ್ ಎಂಬ ಒಂದೇ ದಪ್ಪ ಕೇಬಲ್ಲಿನೊಳಗೆ ಸೇರಿ, ಎಡಗೋಡೆಯ ಬುಡದ ಕಾಲುವೆಯಲ್ಲಿ ಹಾದು, ಕೊನೆಯ ಸಾಲಿನ ಹಿಂದಿರುವ ಮಿಕ್ಸರ್ ಮೇಜಿಗೆ ಬರುತ್ತವೆ. ಕಾಗದದ ಮೇಲೆ ಸ್ಟೇಜ್ ಬಾಕ್ಸಿನ 1ನೇ ತೂತು ಮಿಕ್ಸರ್‌ನ 1ನೇ ಚಾನೆಲ್ಲಿಗೆ, 2 ಎರಡಕ್ಕೆ, ಹೀಗೆ ನೇರ ಲೆಕ್ಕ. ಆದರೆ ಟಿಪ್ಪಣಿಯಲ್ಲಿ ನಾನು ಕೆಂಪು ಶಾಯಿಯಲ್ಲಿ ಬರೆದಿರುವುದು ಈ ಲೆಕ್ಕ ತಪ್ಪುವ ಒಂದು ಜಾಗವನ್ನು: "ಬಾಕ್ಸಿನ 7ಕ್ಕೆ ಏನನ್ನೂ ಚುಚ್ಚಬೇಡ. 7ನೇ ಚಾನೆಲ್ಲಿಗೆ ಬರುತ್ತಿರುವುದು ಬಾಕ್ಸಿನ 15."

ಏಳನೆಯ ಲೈನು ಪೂರ್ತಿ ಸತ್ತಿಲ್ಲ, ಅದೇ ಅದರ ತೊಂದರೆ. ಪೂರ್ತಿ ಸತ್ತ ಲೈನು ಯಾರಿಗೂ ಮೋಸ ಮಾಡುವುದಿಲ್ಲ. ಇದರಲ್ಲಿ ಮೈಕ್ ಹಾಕಿ "ಹಲೋ" ಅಂದರೆ ಧ್ವನಿ ಬರುತ್ತದೆ, ಆದರೆ ತೆಳ್ಳಗೆ, ತಳವೇ ಇಲ್ಲದಂತೆ, ದೂರದಿಂದ ಬಂದಂತೆ. ಕೂತವರು ಮೈಕಿನ ಮೇಲೆ ತಪ್ಪು ಹೊರಿಸಿ ಗೇನ್ ಏರಿಸುತ್ತಾರೆ, ಏರಿಸಿದಂತೆ ಗುಂಯ್ ಎನ್ನುವ ಕರೆಂಟಿನ ಶಬ್ದವೂ ಏರುತ್ತದೆ. ಯಾಕೆ ಹೀಗೆ ಎಂದು ತಿಳಿಯಲು ಮೈಕ್ ವೈರಿನ ಒಳಗೆ ಏನು ನಡೆಯುತ್ತದೆ ಎಂಬುದನ್ನು ಒಮ್ಮೆ ನೋಡಬೇಕು. ಟಿಪ್ಪಣಿಯಲ್ಲಿ ಒಂದು ಪುಟ ಪೂರ್ತಿ ಇದಕ್ಕೇ ಕೊಟ್ಟಿದ್ದೇನೆ, ಮುಂದಿನ ಎಲ್ಲ ರೋಗಗಳ ಮೂಲವೂ ಇಲ್ಲೇ ಇದೆ.

ಮೈಕ್ ವೈರನ್ನು ಸೀಳಿದರೆ ಒಳಗೆ ಎರಡು ಸಣ್ಣ ತಂತಿಗಳು, ಅವನ್ನು ಸುತ್ತಿಕೊಂಡ ತಾಮ್ರದ ಜಾಲರಿ ಕಾಣುತ್ತವೆ. ತುದಿಯಲ್ಲಿ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕನೆಕ್ಟರ್. ಅದರ 1ನೇ ಪಿನ್ನು ಜಾಲರಿಗೆ, 2 ಮತ್ತು 3 ತಂತಿಗಳಿಗೆ. ಹಾಡುವವರ ಧ್ವನಿ ಎರಡೂ ತಂತಿಗಳಲ್ಲಿ ಸಾಗುತ್ತದೆ, ಆದರೆ ಒಂದರಲ್ಲಿ ಏರುವಾಗ ಇನ್ನೊಂದರಲ್ಲಿ ಇಳಿಯುತ್ತಿರುತ್ತದೆ. ಮಿಕ್ಸರ್ ಈ ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ ತೆಗೆದುಕೊಳ್ಳುತ್ತದೆ. ದಾರಿಯುದ್ದಕ್ಕೂ ಟ್ಯೂಬ್‌ಲೈಟು, ಫ್ಯಾನು, ಗೋಡೆಯೊಳಗಿನ ಕರೆಂಟು ವೈರು ಬೀರುವ ಗದ್ದಲ ಎರಡೂ ತಂತಿಗಳ ಮೇಲೆ ಒಂದೇ ಪ್ರಮಾಣದಲ್ಲಿ ಬೀಳುವುದರಿಂದ, ಒಂದರಿಂದ ಇನ್ನೊಂದನ್ನು ಕಳೆದಾಗ ಅದು ಸೊನ್ನೆಯಾಗುತ್ತದೆ. ಧ್ವನಿ ಮಾತ್ರ ಉಳಿಯುತ್ತದೆ. ಸಾಮಾನ್ಯ ಹಾಡಿನ ಮೈಕಿನಿಂದ ಬರುವ ವಿದ್ಯುತ್ತು ಒಂದು ವೋಲ್ಟಿನ ಸಾವಿರದಲ್ಲಿ ಕೆಲವೇ ಭಾಗ. ಅಷ್ಟು ಸಣ್ಣದು ಭವನದುದ್ದ ಓಡಿ ಶುದ್ಧವಾಗಿ ತಲುಪುವುದು ಈ ಕಳೆಯುವ ಲೆಕ್ಕದಿಂದಲೇ. ಇದಕ್ಕೆ ಬ್ಯಾಲೆನ್ಸ್ಡ್ ಲೈನ್ ಎಂದು ಹೆಸರು.

ನಮ್ಮ ಏಳನೆಯ ಲೈನಿನಲ್ಲಿ 3ನೇ ಪಿನ್ನಿನ ತಂತಿ ಎಲ್ಲೋ ತುಂಡಾಗಿದೆ. ಮೈಕಿನ ವಿದ್ಯುತ್ತಿಗೆ ಹೋಗಲು ದಾರಿ ಇದೆ, ವಾಪಸು ಬರಲು ದಾರಿ ಇಲ್ಲ. ತುಂಡಾದ ತುದಿಗಳ ಆಚೀಚೆ ಸೋರಿ ಬರುವಷ್ಟು ಮಾತ್ರ ಕೇಳುತ್ತದೆ, ಸೋರುವುದು ಸಣ್ಣ ಸ್ವರಗಳೇ ಹೊರತು ಗಂಭೀರ ಸ್ವರಗಳಲ್ಲ. ಗದ್ದಲ ಒಂದೇ ತಂತಿಯಲ್ಲಿ ಬರುವುದರಿಂದ ಕಳೆಯುವ ಲೆಕ್ಕವೂ ನಡೆಯುವುದಿಲ್ಲ. ಆದ್ದರಿಂದ ಧ್ವನಿ ಬಂದ ಮಾತ್ರಕ್ಕೆ ಲೈನು ಸರಿಯಿದೆ ಎಂದು ತಿಳಿಯಬೇಡ ಎಂದು ಅವಳಿಗೆ ಬರೆದಿದ್ದೇನೆ. ಅನುಮಾನ ಬಂದರೆ ಅದೇ ಮೈಕನ್ನು ಅದೇ ವೈರಿನ ಸಮೇತ ಪಕ್ಕದ ತೂತಿಗೆ ಹಾಕಿ ನೋಡುವುದು. ರೋಗ ಅಲ್ಲಿಗೂ ಬಂದರೆ ಮೈಕಿನದೋ ವೈರಿನದೋ, ಹಿಂದೆಯೇ ಉಳಿದರೆ ಲೈನಿನದು. ಆಮೇಲೆ ವೈರು ಮಾತ್ರ ಬದಲಿಸಿ ನೋಡುವುದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಕಾರ್ಯಕ್ರಮ ಶುರುವಾಗಲು ಐದು ನಿಮಿಷ ಇರುವಾಗ ಮೂರನ್ನೂ ಒಟ್ಟಿಗೆ ಬದಲಿಸುವ ಆಸೆಯಾಗುತ್ತದೆ. ಹಾಗೆ ಮಾಡಿದರೆ ಧ್ವನಿ ಸರಿಹೋಗಬಹುದು, ಕೆಟ್ಟದ್ದು ಯಾವುದು ಎಂಬುದು ಮಾತ್ರ ಗೊತ್ತಾಗದೆ ಅದು ಮತ್ತೆ ಪೆಟ್ಟಿಗೆಗೆ ಸೇರಿಕೊಳ್ಳುತ್ತದೆ.

ಇದೇ ಕಳೆಯುವ ಲೆಕ್ಕ ಇನ್ನೊಂದು ಕಡೆ ನಮಗೆ ತಿರುಗುಬಾಣವಾಗುತ್ತದೆ. ಸಂಗೀತ ಕಛೇರಿಗೆ ಬರುವವರು ಈಗ ತಂಬೂರಿಯನ್ನು ಫೋನಿನಲ್ಲೇ ತರುತ್ತಾರೆ. ಶಾಲೆಯ ಮಕ್ಕಳ ನೃತ್ಯಕ್ಕೂ ಹಾಡು ಫೋನಿನಿಂದಲೇ. ಪೇಟೆಯಲ್ಲಿ ಒಂದು ಬದಿ ಫೋನಿನ ಸಣ್ಣ ಪಿನ್ನು, ಇನ್ನೊಂದು ಬದಿ ಎಕ್ಸ್‌ಎಲ್‌ಆರ್ ಇರುವ ವೈರು ಸಿಗುತ್ತದೆ, ಯಾರೋ ತಂದು ಚುಚ್ಚುತ್ತಾರೆ. ನೃತ್ಯ ಶುರುವಾದರೆ ತಾಳ, ಪಿಟೀಲು ಅಷ್ಟಿಷ್ಟು ಕೇಳುತ್ತವೆ, ಹಾಡುವ ಧ್ವನಿ ಮಾತ್ರ ಇಲ್ಲ, ಬಾವಿಯೊಳಗಿನ ಪ್ರತಿಧ್ವನಿಯಷ್ಟೇ ಕೇಳುತ್ತದೆ. ತಂಬೂರಿಯಂತೂ ಪೂರ್ತಿ ಮಾಯ. ಫೋನಿಗೆ ಇಯರ್‌ಫೋನ್ ಹಾಕಿ ಕೇಳಿದರೆ ಎಲ್ಲವೂ ಸರಿಯಾಗಿದೆ.

ಆಗುವುದು ಇಷ್ಟು. ಫೋನಿನ ಪಿನ್ನಿನಲ್ಲಿ ಎಡಗಿವಿಯ ಧ್ವನಿ ಮತ್ತು ಬಲಗಿವಿಯ ಧ್ವನಿ ಬೇರೆಬೇರೆ ಬರುತ್ತವೆ. ಆ ವೈರಿನಲ್ಲಿ ಎಡದ್ದು 2ನೇ ಪಿನ್ನಿಗೆ, ಬಲದ್ದು 3ನೇ ಪಿನ್ನಿಗೆ ಹೋಗುವಂತೆ ಬೆಸುಗೆ ಹಾಕಿರುತ್ತಾರೆ. ಮಿಕ್ಸರ್‌ಗೆ ಇದು ಫೋನು ಎಂದು ಗೊತ್ತಿಲ್ಲ, ಅದು ತನ್ನ ಅಭ್ಯಾಸದಂತೆ ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ಹಾಡುವ ಧ್ವನಿಯನ್ನು ಧ್ವನಿಮುದ್ರಣದಲ್ಲಿ ನಡುವೆ, ಅಂದರೆ ಎರಡೂ ಕಿವಿಗೆ ಸಮವಾಗಿ ಇಟ್ಟಿರುತ್ತಾರೆ. ಸಮವಾದದ್ದರಿಂದ ಸಮವಾದದ್ದನ್ನು ಕಳೆದರೆ ಸೊನ್ನೆ. ಒಂದೊಂದು ಬದಿಗೆ ವಾಲಿಸಿಟ್ಟ ವಾದ್ಯಗಳು ಮಾತ್ರ ಉಳಿಯುತ್ತವೆ. ತಂಬೂರಿ ಆ್ಯಪ್ ಎರಡು ಕಿವಿಗೂ ಒಂದೇ ಧ್ವನಿ ಕೊಡುವಂಥದ್ದಾದರೆ ಏನೂ ಉಳಿಯುವುದಿಲ್ಲ. ಕರೆಂಟಿನ ಗದ್ದಲವನ್ನು ಅಳಿಸುವ ಉಪಾಯವೇ ಗಾಯಕಿಯನ್ನೂ ಅಳಿಸಿಬಿಡುತ್ತದೆ.

ಇದಕ್ಕೆ ನಮ್ಮ ಕಡೆ ಬಳಕೆಯಲ್ಲಿರುವ ಮದ್ದು ಪಿನ್ನನ್ನು ಅರ್ಧ ಹೊರಗೆ ಎಳೆದು ಹಿಡಿಯುವುದು. ಹಾಗೆ ಎಳೆದರೆ ಧ್ವನಿ ಬರುವುದು ನಿಜ, ಯಾಕೆಂದರೆ ಆಗ ಪಿನ್ನಿನ ತುದಿ ಒಂದೇ ಬದಿಯ ಧ್ವನಿಗೆ ತಾಗುತ್ತದೆ, ಕಳೆಯಲು ಇನ್ನೊಂದು ಇರುವುದಿಲ್ಲ. ಆದರೆ ಫೋನಿಗೆ ಕಾಲ್ಬೆರಳು ತಾಗಿದರೂ ಸಾಕು, ಭವನಕ್ಕೆಲ್ಲ ಪಟಾರ್ ಎಂದು ಕೇಳುತ್ತದೆ. ಟಿಪ್ಪಣಿಯಲ್ಲಿ ನಾನು ಬರೆದದ್ದು: "ಹಸಿರು ಟೇಪು ಸುತ್ತಿದ ವೈರು ಫೋನಿಗೆ. ಅದು ಎರಡಾಗಿ ಸೀಳಿಕೊಂಡು 13 ಮತ್ತು 14ಕ್ಕೆ ಹೋಗುತ್ತದೆ. ಯಾರೇ ಬೇರೆ ವೈರು ತಂದರೂ ಬೇಡ ಎನ್ನು." ಎಡದ್ದು ಒಂದು ಚಾನೆಲ್ಲಿಗೆ, ಬಲದ್ದು ಇನ್ನೊಂದಕ್ಕೆ ಹೋದರೆ ಎರಡನ್ನೂ ಮಿಕ್ಸರ್ ಕೂಡಿಸುತ್ತದೆ, ಕಳೆಯುವುದಿಲ್ಲ. ಫೋನು ವೇದಿಕೆಯ ಮೇಲೇ ಇರಬೇಕೆಂದರೆ ನಡುವೆ ಡಿಐ ಬಾಕ್ಸ್ ಬೇಕು. ಫೋನು, ಕೀಬೋರ್ಡು, ವೀಣೆಯ ಪಿಕಪ್ ಇವುಗಳ ಒಂಟಿ ತಂತಿಯ ಧ್ವನಿಯನ್ನು ಮೈಕ್ ಲೈನಿಗೆ ಹೊಂದುವ ಜೋಡಿ ತಂತಿಯ ಧ್ವನಿಯಾಗಿ ಬದಲಿಸುವ ಪುಟ್ಟ ಪೆಟ್ಟಿಗೆ ಅದು. ನಮ್ಮಲ್ಲಿ ಎರಡಿವೆ, ಬೀಗದ ಕಪಾಟಿನ ಮೇಲಿನ ಅರೆಯಲ್ಲಿ.

ಇನ್ನು ಗುಂಯ್ ಶಬ್ದ. ನಾಟಕದವರು ಬಂದ ದಿನ ಇದರ ಕಾಟ ಹೆಚ್ಚು, ಅದಕ್ಕೆ ಕಾರಣ ಅವರಲ್ಲ, ಬೆಳಕಿನ ಡಿಮ್ಮರ್. ದೀಪವನ್ನು ಮಂದ ಮಾಡುವ ಡಿಮ್ಮರ್ ಕರೆಂಟಿನ ಪ್ರತಿ ಅಲೆಯನ್ನೂ ಮಧ್ಯದಲ್ಲಿ ಕತ್ತರಿಸಿ ಕೊಡುತ್ತದೆ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಅಲೆಯುವುದರಿಂದ, ಈ ಕತ್ತರಿ ಸೆಕೆಂಡಿಗೆ 100 ಸಲ ಬೀಳುತ್ತದೆ. ಪ್ರತಿ ಸಲ ಕರೆಂಟು ತಟ್ಟನೆ ಜಿಗಿಯುತ್ತದೆ, ಆ ಜಿಗಿತದ ಗದ್ದಲ ಪಕ್ಕದ ಮೈಕ್ ವೈರಿಗೆ ಹತ್ತುತ್ತದೆ. ದೀಪ ಪೂರ್ತಿ ಉರಿಯುವಾಗ ಜಿಗಿತ ಇಲ್ಲ. ಸುಮಾರು ಅರ್ಧಕ್ಕೆ ಇಳಿಸಿದಾಗ ಜಿಗಿತ ಅತಿ ಎತ್ತರ, ಗದ್ದಲವೂ ಅತಿ ಹೆಚ್ಚು. ಮಧ್ಯಾಹ್ನ ಎಲ್ಲ ದೀಪ ಹಾಕಿ ಮೈಕ್ ಪರೀಕ್ಷೆ ಮಾಡಿದವರಿಗೆ ಏನೂ ಕೇಳುವುದಿಲ್ಲ, ರಾತ್ರಿ ಮುಸ್ಸಂಜೆಯ ದೃಶ್ಯ ಬಂದಾಗ ನಾಯಕಿಯ ಪಿಸುಮಾತಿನ ಕೆಳಗೆ ಝುಂಯ್ ಎಂದು ಜೀರುಂಡೆ ಹೊಕ್ಕುತ್ತದೆ. ಹಾಗಾಗಿ ನಾಟಕದ ದಿನ ಬೆಳಕಿನವರನ್ನು ಕರೆದು, ಎಲ್ಲ ದೀಪ ಅರ್ಧಕ್ಕೆ ಇಳಿಸಿ, ಮುಂಭಾಗದ ನೆಲದ ಮೈಕುಗಳನ್ನು ಒಂದೊಂದೇ ತೆರೆದು ಕೇಳಬೇಕು.

ಸರಿಯಿರುವ ಬ್ಯಾಲೆನ್ಸ್ಡ್ ವೈರು ಈ ಗದ್ದಲವನ್ನು ಬಹುಪಾಲು ತಾನೇ ಕಳೆದುಕೊಳ್ಳುತ್ತದೆ. ಒಂದು ಮೈಕಿನಲ್ಲಿ ಮಾತ್ರ ಕೇಳಿದರೆ ಅದರ ವೈರಿನ ಜಾಲರಿ ಬಿಟ್ಟಿದೆ ಎಂದೋ ಒಂದು ತಂತಿ ತುಂಡಾಗಿದೆ ಎಂದೋ ತಿಳಿಯಬೇಕು. ಎಲ್ಲದರಲ್ಲೂ ಕೇಳಿದರೆ ಮೈಕ್ ವೈರುಗಳೂ ಬೆಳಕಿನ ವೈರುಗಳೂ ಒಟ್ಟಿಗೆ ಮಲಗಿರುವ ಜಾಗ ಹುಡುಕಬೇಕು. ನಮ್ಮಲ್ಲಿ ಬೆಳಕಿನ ವೈರುಗಳು ಬಲಗೋಡೆಗೆ, ಧ್ವನಿಯದು ಎಡಗೋಡೆಗೆ ಎಂದು ಪಟ್ಟು ಹಿಡಿದು ಇಟ್ಟುಕೊಂಡು ಬಂದಿದ್ದೇನೆ. ವೇದಿಕೆಯ ಮುಂಭಾಗದಲ್ಲಿ ಒಂದನ್ನೊಂದು ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಿಸಬೇಕು, ಜೊತೆಜೊತೆಯಾಗಿ ಓಡಿಸಬಾರದು. ಜೊತೆಗೆ ಓಡಿದಷ್ಟು ಉದ್ದಕ್ಕೂ ಗದ್ದಲ ಹತ್ತುತ್ತಲೇ ಹೋಗುತ್ತದೆ, ಅಡ್ಡ ದಾಟಿದರೆ ಆ ಒಂದು ಬಿಂದುವಿನಲ್ಲಿ ಮಾತ್ರ.

ಝುಂಯ್ ಅಲ್ಲದೆ ನುಣ್ಣಗೆ, ದಪ್ಪಗೆ, ಒಂದೇ ಸಮ ಗುಂಯ್ ಎಂದರೆ ಅದು ಬೇರೆ ಜಾತಿ. ಪ್ರೊಜೆಕ್ಟರಿಗೆ ತಂದ ಲ್ಯಾಪ್‌ಟಾಪಿನ ಧ್ವನಿ ತೆಗೆದುಕೊಂಡಾಗ ಸಾಮಾನ್ಯವಾಗಿ ಬರುತ್ತದೆ. ಲ್ಯಾಪ್‌ಟಾಪ್ ವೇದಿಕೆಯ ಪ್ಲಗ್ಗಿನಿಂದ ಅರ್ತಿಂಗ್ ಪಡೆಯುತ್ತದೆ, ಮಿಕ್ಸರ್ ಹಿಂಬದಿಯ ಪ್ಲಗ್ಗಿನಿಂದ. ಧ್ವನಿಯ ವೈರು ಎರಡನ್ನೂ ಜೋಡಿಸಿದಾಗ ಒಂದು ದೊಡ್ಡ ಸುತ್ತು ಉಂಟಾಗಿ ಅದರಲ್ಲಿ ಕರೆಂಟು ಹರಿಯುತ್ತದೆ. ಚಾರ್ಜರ್ ಕಿತ್ತ ಕೂಡಲೇ ಶಬ್ದ ನಿಂತರೆ ರೋಗ ಇದೇ. ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಸ್ವಿಚ್ಚು ಒತ್ತಿದರೆ ಆ ಸುತ್ತು ಧ್ವನಿಯ ವೈರಿನಲ್ಲಿ ಕಡಿಯುತ್ತದೆ. ಪ್ಲಗ್ಗಿನ ಅರ್ತ್ ಪಿನ್ನು ಮುರಿದು ಇಲ್ಲವೇ ಎರಡು ಪಿನ್ನಿನ ಅಡಾಪ್ಟರ್ ಹಾಕಿ ಇದನ್ನು ನಿಲ್ಲಿಸುವವರಿದ್ದಾರೆ. ಅದನ್ನು ನಮ್ಮ ಭವನದಲ್ಲಿ ಯಾರಿಗೂ ಮಾಡಲು ಬಿಡಬೇಡ ಎಂದು ಎರಡು ಗೆರೆ ಎಳೆದು ಬರೆದಿದ್ದೇನೆ. ಯಾವುದೋ ಯಂತ್ರದೊಳಗೆ ಕರೆಂಟು ಮೈಗೆ ತಾಗಿದ ದಿನ, ಅರ್ತ್ ಇಲ್ಲದಿದ್ದರೆ ಅದು ಮೈಕ್ ಹಿಡಿದವರ ತುಟಿಯ ಮೂಲಕ ನೆಲಕ್ಕೆ ಇಳಿಯುತ್ತದೆ.

ಈಗ ಮಿಕ್ಸರ್. ಫೋಟೋದಲ್ಲಿ ಕಾಣುವ ಗುಂಡಿಗಳಲ್ಲಿ ಅವಳು ನಿಜವಾಗಿ ನೆನಪಿಡಬೇಕಾದದ್ದು ಎರಡೇ ಸಾಲು. ಮೇಲಿನ ತುದಿಯಲ್ಲಿ ಗೇನ್, ಕೆಳಗಿನ ತುದಿಯಲ್ಲಿ ಜಾರುವ ಫೇಡರ್. ಎರಡೂ ಧ್ವನಿ ಏರಿಸುತ್ತವೆ, ಆದರೆ ಕೆಲಸ ಒಂದೇ ಅಲ್ಲ. ಗೇನ್ ಮೈಕಿನ ಸಣ್ಣ ವಿದ್ಯುತ್ತನ್ನು ಮಿಕ್ಸರ್ ಕೆಲಸ ಮಾಡಬಲ್ಲ ಮಟ್ಟಕ್ಕೆ ಎತ್ತುತ್ತದೆ. ಕಡಿಮೆ ಎತ್ತಿದರೆ ಮುಂದೆಲ್ಲ ಸುಯ್ ಎನ್ನುವ ಶಬ್ದವನ್ನೂ ಜೊತೆಗೆ ಎಳೆದುಕೊಂಡು ಹೋಗಬೇಕು, ಹೆಚ್ಚು ಎತ್ತಿದರೆ ಧ್ವನಿ ಒಡೆಯುತ್ತದೆ, ಒಡೆದದ್ದನ್ನು ಫೇಡರ್ ಇಳಿಸಿ ಸರಿಮಾಡಲಾಗದು. ಚಾನೆಲ್ಲಿನ ಪಿಎಫ್‌ಎಲ್ ಗುಂಡಿ ಒತ್ತಿ, ಹಾಡುವವರನ್ನು ನಿಜವಾಗಿ ಹಾಡುವಷ್ಟೇ ಜೋರಾಗಿ ಹಾಡಲು ಹೇಳಿ, ಮೀಟರ್ ಸೊನ್ನೆಯ ಆಸುಪಾಸು ಆಡುವವರೆಗೆ ಗೇನ್ ತಿರುಗಿಸಬೇಕು. ಕೆಂಪು ದೀಪ ಮಿನುಗಿದರೆ ಸ್ವಲ್ಪ ಹಿಂದಕ್ಕೆ. "ಹಲೋ, ಮೈಕ್ ಟೆಸ್ಟಿಂಗ್" ಎಂದು ಮೆಲ್ಲಗೆ ಹೇಳಿಸಿ ಇಟ್ಟ ಗೇನ್, ತಾರಸ್ಥಾಯಿಗೆ ಹೋದಾಗ ಒಡೆಯುತ್ತದೆ.

ಗೇನ್ ಸರಿಯಿದ್ದರೆ ಫೇಡರ್ ಸೊನ್ನೆ ಎಂದು ಬರೆದ ಗೆರೆಯ ಹತ್ತಿರ ನಿಲ್ಲುತ್ತದೆ. ಅಲ್ಲಿ ಬೆರಳನ್ನು ಸ್ವಲ್ಪ ಸರಿಸಿದರೆ ಧ್ವನಿಯೂ ಸ್ವಲ್ಪವೇ ಬದಲಾಗುತ್ತದೆ. ಫೇಡರ್ ತೀರಾ ಕೆಳಗಿದ್ದರೆ ಅಷ್ಟೇ ಸರಿಸಿದಾಗ ಧ್ವನಿ ಎದ್ದು ಬೀಳುತ್ತದೆ. ಆದ್ದರಿಂದ ನನ್ನ ಗುಂಡಿಗಳ ಜಾಗವನ್ನು ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಬರೆದಿದ್ದರೂ, ಪಕ್ಕದಲ್ಲೇ ಯಾರಿಗಾಗಿ ಎಂದೂ ಬರೆದಿದ್ದೇನೆ. ಪೋಡಿಯಂ ಮೈಕಿನ ಗೇನ್ 2 ಗಂಟೆಗೆ ಇರುವುದು ಮೈಕಿನಿಂದ ಒಂದು ಅಡಿ ದೂರ ನಿಂತು ಮಾತಾಡುವ ಅತಿಥಿಗಾಗಿ. ಮೈಕನ್ನು ತುಟಿಗೆ ತಾಗಿಸಿ ಗುಡುಗುವವರು ಬಂದರೆ ಅದು 11 ಗಂಟೆಗೆ ಬರಬೇಕು. ಯಕ್ಷಗಾನದ ದಿನ ಭಾಗವತರ ಮೈಕನ್ನು ಬಾಯಿಗೆ ಹತ್ತಿರ ಇಟ್ಟು ಗೇನ್ ತಗ್ಗಿಸಬೇಕು. ಚೆಂಡೆಗೆ ಬೇರೆ ಮೈಕ್ ಬೇಡ, ಅದು ಎಲ್ಲ ಮೈಕಿಗೂ ತಾನೇ ಬಂದು ಬೀಳುತ್ತದೆ. ಭಾಗವತರ ಗೇನ್ ಹೆಚ್ಚಿದ್ದಷ್ಟೂ ಪದ್ಯದ ಜೊತೆ ಚೆಂಡೆಯೇ ಏರುತ್ತದೆ.

48 ವೋಲ್ಟ್ ಎಂದು ಬರೆದ ಸ್ವಿಚ್ಚು ನಮ್ಮ ಮಿಕ್ಸರ್‌ನಲ್ಲಿ ಎಲ್ಲ ಮೈಕ್ ಚಾನೆಲ್ಲುಗಳಿಗೂ ಒಂದೇ. ಕಂಡೆನ್ಸರ್ ಮೈಕಿಗೆ, ನೆಲದ ಮೈಕಿಗೆ ಅದು ಬೇಕು. ಕೈಯಲ್ಲಿ ಹಿಡಿಯುವ ಸಾಮಾನ್ಯ ಡೈನಾಮಿಕ್ ಮೈಕಿಗೆ ಬೇಡ, ಇದ್ದರೂ ತೊಂದರೆಯಿಲ್ಲ. ಫೋನಿನ ಆ ಪೇಟೆಯ ವೈರು ಮೈಕ್ ತೂತಿಗೆ ಬೇಡ ಎನ್ನಲು ಇದು ಇನ್ನೊಂದು ಕಾರಣ, 48 ವೋಲ್ಟು ನೇರ ಫೋನಿನ ಕಡೆಗೆ ಹೊರಡುತ್ತದೆ. ಸ್ವಿಚ್ಚು ಒತ್ತುವ ಮೊದಲು ಮುಖ್ಯ ಫೇಡರ್ ಇಳಿಸಿರಬೇಕು, ಇಲ್ಲದಿದ್ದರೆ ಸ್ಪೀಕರಿನಲ್ಲಿ ಧಡ್ ಎನ್ನುತ್ತದೆ.

ಹಾಡುವವರ ಕಾಲ ಬಳಿಯ ಮಾನಿಟರ್ ಸ್ಪೀಕರಿಗೆ ಹೋಗುವ ಲೈನಿನಲ್ಲಿ 31 ಕಂಬಿಗಳ ಈಕ್ವಲೈಜರ್ ಇದೆ. ಅದರಲ್ಲಿ 250 ಹರ್ಟ್ಜ್ ಮತ್ತು 2.5 ಕಿಲೋಹರ್ಟ್ಜ್ ಕಂಬಿಗಳು ಕೆಳಗಿವೆ. ಇದು ಅಲಂಕಾರವಲ್ಲ. ಮಾನಿಟರಿನ ಧ್ವನಿ ಮತ್ತೆ ಮೈಕಿಗೆ ಹೊಕ್ಕು, ಮತ್ತೆ ಮಾನಿಟರಿಗೆ ಬಂದು ಸುತ್ತತೊಡಗಿದಾಗ ಕುಯ್ಯ್ ಎನ್ನುತ್ತದೆ. ನಮ್ಮ ಮಾನಿಟರುಗಳು ಈಗಿರುವ ಜಾಗದಲ್ಲಿ ಮೊದಲು ಕೂಗುವ ಎರಡು ಸ್ವರಗಳು ಅವು. ಮಾನಿಟರನ್ನು ಸರಿಸಿದ ದಿನ ಅಥವಾ ಬೇರೆ ಮೈಕ್ ಬಂದ ದಿನ ಆ ಕಂಬಿಗಳಿಗೆ ಅರ್ಥವಿಲ್ಲ. ಎಲ್ಲವನ್ನೂ ಸಮಕ್ಕೆ ತಂದು, ಮೆಲ್ಲಗೆ ಧ್ವನಿ ಏರಿಸುತ್ತ, ಯಾವುದು ಮೊದಲು ಕೂಗುತ್ತದೆ ಎಂದು ಕೇಳಿ, ಅದೊಂದನ್ನೇ ಮೂರು ನಾಲ್ಕು ಡೆಸಿಬೆಲ್ ಇಳಿಸಬೇಕು. ಮೂರು ನಾಲ್ಕು ಕಂಬಿ ಇಳಿಸಿದ ಮೇಲೂ ಕೂಗಿದರೆ ತಪ್ಪು ಈಕ್ವಲೈಜರಿನಲ್ಲಿ ಇಲ್ಲ. ಮಾನಿಟರ್ ಮೈಕಿನ ಬೆನ್ನ ಹಿಂದೆ ಇದೆಯೇ ನೋಡಬೇಕು, ನಮ್ಮ ಹಾಡಿನ ಮೈಕುಗಳು ಅತಿ ಕಡಿಮೆ ಕೇಳುವುದು ಬೆನ್ನ ಕಡೆಯಿಂದ. ಹಾಡುವವರು ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದಿದ್ದರೆ ಆ ಗುಣ ಹೋಗುತ್ತದೆ, ಮೈಕ್ ಎಲ್ಲ ಕಡೆಯಿಂದಲೂ ಕೇಳತೊಡಗುತ್ತದೆ. ವಿಚಾರಗೋಷ್ಠಿಯಲ್ಲಿ ಮೇಜಿನ ಮೇಲಿನ ಎಲ್ಲ ಮೈಕುಗಳನ್ನೂ ತೆರೆದಿಡುವುದು ಬೇಡ. ತೆರೆದ ಮೈಕುಗಳ ಸಂಖ್ಯೆ ಎರಡರಷ್ಟಾದಾಗಲೆಲ್ಲ ಕೂಗದೆ ಏರಿಸಬಹುದಾದ ಧ್ವನಿ ಸುಮಾರು 3 ಡೆಸಿಬೆಲ್ ತಗ್ಗುತ್ತದೆ. ಮಾತಾಡುತ್ತಿರುವವರದು, ಅಧ್ಯಕ್ಷರದು ಸಾಕು.

ಟಿಪ್ಪಣಿಯ ಕೊನೆಯ ಹಾಳೆ ಬಾಕಿ ಕೆಲಸಗಳದು. ಆನ್ ಮಾಡುವಾಗ ಮಿಕ್ಸರ್ ಮೊದಲು, ಆಂಪ್ಲಿಫೈಯರ್ ಕೊನೆಗೆ. ಆಫ್ ಮಾಡುವಾಗ ಆಂಪ್ಲಿಫೈಯರ್ ಮೊದಲು. ಈ ಕ್ರಮವನ್ನು ಗೋಡೆಗೂ ಅಂಟಿಸಿದ್ದೇನೆ, ಯಾಕೆಂದರೆ ಬೆಳಿಗ್ಗೆ ಯೋಗ ತರಗತಿಯವರು ತಾವೇ ಸ್ವಿಚ್ಚು ಹಾಕಿಕೊಳ್ಳುತ್ತಾರೆ. 15ನೇ ಲೈನನ್ನು 7ಕ್ಕೆ ಕೊಟ್ಟಿರುವುದರಿಂದ ಬಿಡುವಾಗಿ ಉಳಿದಿರುವ ಮೈಕ್ ಲೈನು 16 ಒಂದೇ. 7ನೆಯದರ ತಂತಿ ತುಂಡಾಗಿರುವುದು ಹೆಚ್ಚಾಗಿ ಸ್ಟೇಜ್ ಬಾಕ್ಸಿನೊಳಗಿನ ಬೆಸುಗೆಯಲ್ಲೇ. ಕೇಬಲ್ಲನ್ನು ಬಾಕ್ಸಿನ ಬುಡದಲ್ಲಿ ಅಲುಗಾಡಿಸಿದಾಗ ಒಂದೊಂದು ಸಲ ಧ್ವನಿ ಪೂರ್ತಿ ಮರಳುತ್ತದೆ, ನೆಲದಡಿಯಲ್ಲಿ ತುಂಡಾಗಿದ್ದರೆ ಹಾಗಾಗುತ್ತಿರಲಿಲ್ಲ. ಮಳೆಗಾಲದಲ್ಲಿ ಕಾರ್ಯಕ್ರಮ ಕಡಿಮೆ. ಆಗ ಬಾಕ್ಸಿನ ನಾಲ್ಕು ತಿರುಪು ಬಿಚ್ಚಿ, ಮೀಟರಿನಲ್ಲಿ 3ನೇ ಪಿನ್ನಿನಿಂದ ಮಿಕ್ಸರ್ ತುದಿಯವರೆಗೆ ಅಳೆದು, ಬೆಸುಗೆ ಹಾಕಬಹುದು. ಹಾಕಿದ ದಿನವೇ ಕೆಂಪು ಶಾಯಿಯ ಆ ಸಾಲನ್ನು ಹೊಡೆದುಹಾಕಿ, ತಾರೀಖು ಬರೆದು, 15ನ್ನು ಅದರ ಜಾಗಕ್ಕೆ ಮರಳಿಸಲು ಹೇಳಿದ್ದೇನೆ.